ಶುಕ್ರ ಕುಜರ ನಡುವಿನ ಬಿಂದು

ಮದುವೆಯ ಮಾತು ನಡೆಯುವ ಮನೆಯಲ್ಲಿ ಎರಡು ಜಾತಕ ಜೋಯಿಸರ ಕೈ ಸೇರಿದ ಮೇಲೆ ಎಲ್ಲರೂ ಕಾಯುವುದು ಒಂದೇ ಮಾತಿಗೆ: ‘ಎಷ್ಟು ಗುಣ ಕೂಡಿತು?’ 36ರಲ್ಲಿ 18 ದಾಟಿದರೆ ಹೆತ್ತವರು ಉಸಿರು ಬಿಡುತ್ತಾರೆ. ಗಣಕೂಟ, ಯೋನಿಕೂಟ, ನಾಡಿಕೂಟ ಎಂದು ಎಂಟು ಬಗೆಯಲ್ಲಿ ಎಣಿಸುವ ಈ ಲೆಕ್ಕವೆಲ್ಲ ನಿಂತಿರುವುದು ಇಬ್ಬರ ಚಂದ್ರನ ಮೇಲೆ, ಅಂದರೆ ಅವರ ಜನ್ಮನಕ್ಷತ್ರ ಮತ್ತು ಜನ್ಮರಾಶಿಯ ಮೇಲೆ. ಕುಜದೋಷವನ್ನು ಬೇರೆಯಾಗಿ ನೋಡುತ್ತಾರೆ, ನಿಜ. ಆದರೆ ಆ 36 ಗುಣಗಳ ಎಣಿಕೆಯಲ್ಲಿ ಪ್ರೀತಿಯ ಕಾರಕನಾದ ಶುಕ್ರನಿಗೂ ಆವೇಗದ ಕಾರಕನಾದ ಕುಜನಿಗೂ ಜಾಗವಿಲ್ಲ.

ಪಶ್ಚಿಮದ ಜ್ಯೋತಿಷಿಗಳು ಇಬ್ಬರ ಜಾತಕಗಳನ್ನು ಹೋಲಿಸುವ ರೀತಿಯೇ ಬೇರೆ. ಒಬ್ಬರ ಗ್ರಹಗಳು ಇನ್ನೊಬ್ಬರ ಗ್ರಹಗಳಿಂದ ಎಷ್ಟು ಡಿಗ್ರಿ ದೂರದಲ್ಲಿವೆ ಎಂದು ಒಂದೊಂದಾಗಿ ಅಳೆಯುವ ಆ ಪದ್ಧತಿಗೆ ಸಿನಾಸ್ಟ್ರಿ ಎಂದು ಹೆಸರು. ಅವನ ಕುಜ ಇವಳ ಶುಕ್ರನ ಮೇಲೆ ಕೂತರೆ ಸೆಳೆತ ಎಂದು ಓದುವುದು ಅದರ ಮೊದಲ ಪಾಠ. ಅದರೊಳಗೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಲೆಕ್ಕವೊಂದಿದೆ. ಒಬ್ಬರ ಶುಕ್ರ ಮತ್ತು ಕುಜರ ಸರಿಯಾದ ನಡುವೆ, ಯಾವ ಗ್ರಹವೂ ಇಲ್ಲದ ಒಂದು ಖಾಲಿ ಜಾಗ ಇರುತ್ತದಲ್ಲ, ಆ ಜಾಗಕ್ಕೆ ಇನ್ನೊಬ್ಬರ ಗ್ರಹವೋ ಲಗ್ನವೋ ಬಂದು ಬಿದ್ದರೆ ಏನರ್ಥ ಎಂದು ಅದು ಕೇಳುತ್ತದೆ. ಆ ಜಾಗವೇ ಮಧ್ಯಬಿಂದು.

ಇದನ್ನು ಕೈಲೆಕ್ಕದಲ್ಲಿ ಮಾಡಿ ನೋಡುವುದು ಸುಲಭ. ಆದರೆ ಸಿಕ್ಕ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ಸುಲಭವಲ್ಲ. ಎರಡನ್ನೂ ಒಂದೇ ಉದಾಹರಣೆಯಲ್ಲಿ ನೋಡೋಣ.

ಹ್ಯಾಂಬರ್ಗಿನ ಭೂಮಾಪಕ

ಎರಡು ಗ್ರಹಗಳ ನಡುವಿನ ಬಿಂದುವಿಗೆ ಬೆಲೆ ಕೊಟ್ಟು ಒಂದು ಪೂರ್ಣ ಪದ್ಧತಿ ಕಟ್ಟಿದವರು ಜರ್ಮನಿಯ ಹ್ಯಾಂಬರ್ಗಿನ ಆಲ್ಫ್ರೆಡ್ ವಿಟ್ಟೆ. 1878ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಭೂಮಾಪಕರು. ಎರಡು ಗುರುತುಗಳ ನಡುವಿನ ಕೋನ ಅಳೆಯುವ ಕೆಲಸ ಮಾಡುತ್ತಿದ್ದ ಮನುಷ್ಯ ಆಕಾಶವನ್ನೂ ಅದೇ ಕಣ್ಣಿನಿಂದ ನೋಡಿದರು. ಮೂರು ಗ್ರಹಗಳಲ್ಲಿ ಒಂದು ಉಳಿದೆರಡರ ಸರಿಮಧ್ಯದಲ್ಲಿದ್ದರೆ ಆ ಮೂರೂ ಸೇರಿ ಒಂದು ‘ಗ್ರಹಚಿತ್ರ’ವಾಗುತ್ತದೆ ಎಂದರು. 1928ರಲ್ಲಿ ಅವರ ನಿಯಮಗಳ ಪುಸ್ತಕ ಬಂತು. ಮುಂದೆ ರೈನ್‌ಹೋಲ್ಡ್ ಎಬರ್ಟಿನ್ ಆ ಪದ್ಧತಿಯನ್ನು ಸೋಸಿ ಸರಳಗೊಳಿಸಿ, ಯಾವ ಜೋಡಿಯ ನಡುವೆ ಯಾವ ಗ್ರಹ ಬಂದರೆ ಏನು ಎಂಬ ಕೈಪಿಡಿಯನ್ನು 1940ರಲ್ಲಿ ಹೊರತಂದರು. ಇಂದಿಗೂ ಮಧ್ಯಬಿಂದು ನೋಡುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ.

ಅವರ ಓದಿನಲ್ಲಿ ಶುಕ್ರ–ಕುಜರ ಮಧ್ಯಬಿಂದು ಅಂದರೆ ಬಯಕೆ ಮತ್ತು ಒಲವು ಒಂದಾಗುವ ಜಾಗ. ಶುಕ್ರ ಒಬ್ಬನೇ ಮೆಚ್ಚುಗೆ, ಕುಜ ಒಬ್ಬನೇ ಆವೇಗ. ಇಬ್ಬರೂ ಕೂಡುವ ಕಡೆ ದೈಹಿಕ ಸೆಳೆತವಿದೆ ಎಂಬ ತರ್ಕ. ನಮ್ಮಲ್ಲಿ ಕುಜ ಎಂದೊಡನೆ ದೋಷ ನೆನಪಾಗುತ್ತದೆ. ಇಲ್ಲಿ ಕುಜ ದೋಷವಲ್ಲ, ಅರ್ಧ ಪಾಲುದಾರ.

ಕೂಡಿಸಿ ಎರಡರಿಂದ ಭಾಗಿಸಿ

ಮೇಷದ ಆರಂಭವನ್ನು ಸೊನ್ನೆ ಎಂದಿಟ್ಟುಕೊಂಡು ರಾಶಿಚಕ್ರವನ್ನು 360 ಡಿಗ್ರಿಯಾಗಿ ಎಣಿಸಿ. ಒಂದು ರಾಶಿಗೆ 30 ಡಿಗ್ರಿ, ಒಂದು ಡಿಗ್ರಿಗೆ 60 ಕಲೆ. ಎರಡು ಗ್ರಹಗಳ ಸ್ಫುಟವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಮಧ್ಯಬಿಂದು ಸಿಗುತ್ತದೆ.

ಒಂದು ಕಡೆ ಮಾತ್ರ ಎಡವುತ್ತೇವೆ. ಒಂದು ಗ್ರಹ 350 ಡಿಗ್ರಿಯಲ್ಲಿ, ಇನ್ನೊಂದು 20 ಡಿಗ್ರಿಯಲ್ಲಿ ಇದೆ ಎನ್ನಿ. ಕೂಡಿಸಿ ಭಾಗಿಸಿದರೆ 185 ಬರುತ್ತದೆ. ಆದರೆ ಮೀನದ ಕೊನೆಗೂ ಮೇಷದ ನಡುವಿಗೂ ಮಧ್ಯದಲ್ಲಿರುವ ಜಾಗ ತುಲೆಯಲ್ಲಿ ಇರಲು ಸಾಧ್ಯವೇ? ಎರಡು ಗ್ರಹಗಳ ಅಂತರ 180 ಡಿಗ್ರಿ ಮೀರಿದಾಗ ಸಿಕ್ಕ ಉತ್ತರಕ್ಕೆ 180 ಸೇರಿಸಬೇಕು. ಇಲ್ಲಿ 365, ಅಂದರೆ ಮೇಷದ 5 ಡಿಗ್ರಿ. ಅದು ಹತ್ತಿರದ ಮಧ್ಯಬಿಂದು, 185 ದೂರದ್ದು. ಜರ್ಮನ್ ಪದ್ಧತಿ ಎರಡನ್ನೂ ಒಂದೇ ಗೆರೆಯ ಎರಡು ತುದಿ ಎಂದು ಎಣಿಸುತ್ತದೆ.

ಆ ಬಿಂದುವಿನ ಮೇಲೆ ಇನ್ನೊಬ್ಬರ ಗ್ರಹ ಕೂತರೆ ಮಾತ್ರವಲ್ಲ, ಅದರಿಂದ 90 ಅಥವಾ 180 ಡಿಗ್ರಿ ದೂರದಲ್ಲಿದ್ದರೂ ಸ್ಪರ್ಶ ಎಂದೇ ಲೆಕ್ಕ. ಇದನ್ನು ಕಂಡುಹಿಡಿಯಲು ನಮ್ಮ ಓದುಗರಿಗೆ ಗೊತ್ತಿರುವ ವಿಂಗಡಣೆಯೇ ಸಾಕು. ಮೇಷ, ಕರ್ಕ, ತುಲಾ, ಮಕರ ಚರರಾಶಿಗಳು. ವೃಷಭ, ಸಿಂಹ, ವೃಶ್ಚಿಕ, ಕುಂಭ ಸ್ಥಿರ. ಉಳಿದ ನಾಲ್ಕು ದ್ವಿಸ್ವಭಾವ. ಮಧ್ಯಬಿಂದು ಒಂದು ಚರರಾಶಿಯ 13 ಡಿಗ್ರಿಯಲ್ಲಿದ್ದರೆ, ಇನ್ನೊಬ್ಬರ ಯಾವ ಗ್ರಹ ಯಾವುದೇ ಚರರಾಶಿಯ 13ರ ಆಸುಪಾಸಿನಲ್ಲಿದೆ ಎಂದು ನೋಡಿದರಾಯಿತು. ಹ್ಯಾಂಬರ್ಗಿನವರು ಬಳಸುವ 90 ಡಿಗ್ರಿಯ ತಿರುಗುವ ಬಿಲ್ಲೆ ಮಾಡುವ ಕೆಲಸವೂ ಇದೇ: ನಾಲ್ಕು ಕಾಲುಭಾಗಗಳನ್ನು ಮಡಚಿ ಒಂದರ ಮೇಲೊಂದು ಇಟ್ಟಂತೆ. ಅಂತರ ಮಾತ್ರ 1 ಡಿಗ್ರಿ, ತೀರಾ ಹೆಚ್ಚೆಂದರೆ ಒಂದೂವರೆ ಡಿಗ್ರಿಯೊಳಗೆ ಇರಬೇಕು. ಗ್ರಹ ಗ್ರಹಗಳ ನಡುವೆ 6, 8 ಡಿಗ್ರಿಯ ಸಲಿಗೆ ಕೊಡುವವರೂ ಮಧ್ಯಬಿಂದುವಿಗೆ ಅಷ್ಟು ಸಲಿಗೆ ಕೊಡುವುದಿಲ್ಲ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಅವನ ಶುಕ್ರ ಮತ್ತು ಇವಳ ಶುಕ್ರರ ನಡುವಿನ ಬಿಂದು, ಅವನ ರವಿ ಮತ್ತು ಇವಳ ರವಿಯ ನಡುವಿನ ಬಿಂದು ಎಂದು ತೆಗೆದು ಇಬ್ಬರಿಗೂ ಸೇರಿ ಒಂದು ಜಾತಕ ಮಾಡುವ ಕ್ರಮವೂ ಇದೆ. ಅದಕ್ಕೆ ಕಾಂಪೊಸಿಟ್ ಎನ್ನುತ್ತಾರೆ. ಅದು ಬೇರೆ ಲೆಕ್ಕ. ನಾವು ನೋಡುತ್ತಿರುವ ಮಧ್ಯಬಿಂದು ಒಬ್ಬರದೇ ಎರಡು ಗ್ರಹಗಳದು; ಇನ್ನೊಬ್ಬರು ಅದನ್ನು ಮುಟ್ಟುತ್ತಾರೆ, ಅಷ್ಟೇ.

ಚಾರ್ಲ್ಸ್ ಮತ್ತು ಡಯಾನಾ

ಜನನ ಸಮಯ ಎಲ್ಲರಿಗೂ ತಿಳಿದಿರುವ, ದಾಂಪತ್ಯದ ಕಥೆಯೂ ತಿಳಿದಿರುವ ಜೋಡಿಯೊಂದನ್ನು ತೆಗೆದುಕೊಳ್ಳೋಣ. ಬ್ರಿಟನ್ನಿನ ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14ರ ರಾತ್ರಿ 9 ಗಂಟೆ 14 ನಿಮಿಷಕ್ಕೆ, ಲಂಡನ್ನಿನಲ್ಲಿ. ಡಯಾನಾ ಹುಟ್ಟಿದ್ದು 1961ರ ಜುಲೈ 1ರ ಸಂಜೆ, ಸ್ಯಾಂಡ್ರಿಂಗ್‌ಹ್ಯಾಮಿನಲ್ಲಿ. ಜ್ಯೋತಿಷಿಗಳು ಬಳಸುವ ಸಮಯ 7 ಗಂಟೆ 45 ನಿಮಿಷ. ಪಶ್ಚಿಮದವರು ಎಣಿಸುವ ಸಾಯನ ರಾಶಿಚಕ್ರದಲ್ಲೇ ಲೆಕ್ಕ ಮಾಡೋಣ.

ಡಯಾನಾ ಅವರ ಶುಕ್ರ ವೃಷಭದ 24 ಡಿಗ್ರಿ 24 ಕಲೆ. ಮೇಷದಿಂದ ಎಣಿಸಿದರೆ 54 ಡಿಗ್ರಿ 24 ಕಲೆ. ಕುಜ ಕನ್ಯೆಯ 1 ಡಿಗ್ರಿ 38 ಕಲೆ, ಅಂದರೆ 151 ಡಿಗ್ರಿ 38 ಕಲೆ. ಎರಡೂ ಕೂಡಿ 206 ಡಿಗ್ರಿ 2 ಕಲೆ. ಅರ್ಧ ಮಾಡಿದರೆ 103 ಡಿಗ್ರಿ 1 ಕಲೆ. ಕರ್ಕದ 13 ಡಿಗ್ರಿ 1 ಕಲೆ. ಅಲ್ಲಿ ಅವರದೇ ಯಾವ ಗ್ರಹವೂ ಇಲ್ಲ.

ಕರ್ಕ ಚರರಾಶಿ. ಈಗ ಚಾರ್ಲ್ಸ್ ಅವರ ಜಾತಕದಲ್ಲಿ ಚರರಾಶಿಗಳ 13ನೇ ಡಿಗ್ರಿಯ ಸುತ್ತ ಏನಿದೆ ಎಂದು ಹುಡುಕಬೇಕು. ಮೇಷದ 13 ಡಿಗ್ರಿ 18 ಕಲೆಯಲ್ಲಿ ಅವರ ದಶಮ ಭಾವಮಧ್ಯವಿದೆ. ಹುಟ್ಟಿದ ಗಳಿಗೆಯಲ್ಲಿ ದಕ್ಷಿಣೋತ್ತರ ರೇಖೆಯನ್ನು ದಾಟುತ್ತಿದ್ದ, ಅಧಿಕಾರ, ಪದವಿ, ಲೋಕದ ಕಣ್ಣಿನಲ್ಲಿ ಇರುವ ಸ್ಥಾನ ಇವನ್ನು ಸೂಚಿಸುವ ಬಿಂದು ಅದು. ಅಂತರ ಬರೀ 17 ಕಲೆ. ತುಲೆಯ 14 ಡಿಗ್ರಿ 7 ಕಲೆಯಲ್ಲಿ ಅವರ ನೆಪ್ಚೂನ್ ಇದೆ. ಅಂತರ 1 ಡಿಗ್ರಿ 6 ಕಲೆ, ಒಂದೂವರೆಯ ಮಿತಿಯೊಳಗೆ.

ಮಧ್ಯಬಿಂದು ಓದುವವರಿಗೆ ಇದು ಕಥೆಯನ್ನೇ ಬಿಚ್ಚಿಟ್ಟಂತೆ ಕಾಣುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಯ ಬಯಕೆಯ ಬಿಂದುವನ್ನು ಮುಟ್ಟಿದ್ದು ಆ ಪುರುಷನ ಪದವಿ, ಯುವರಾಜನೆಂಬ ಸ್ಥಾನ. ಜೊತೆಗೆ ನೆಪ್ಚೂನ್: ಕನಸು, ಮಂಜು, ಇಲ್ಲದ್ದನ್ನು ಇದೆ ಎಂದು ಕಾಣುವ ಮೋಹ. 1981ರ ಜುಲೈ 29ರಂದು ಜಗತ್ತೇ ನೋಡಿದ ಮದುವೆ, 1992ರಲ್ಲಿ ಬೇರೆಯಾದದ್ದು, 1996ರ ವಿಚ್ಛೇದನ ಎಲ್ಲವೂ ಆ ಎರಡು ಗೆರೆಗಳಲ್ಲಿ ಬರೆದಿತ್ತು ಎನ್ನಿಸುತ್ತದೆ.

ತಿರುಗಿಸಿ ನೋಡಿದರೆ ಚಿತ್ರ ಬೇರೆ. ಚಾರ್ಲ್ಸ್ ಅವರ ಶುಕ್ರ ತುಲೆಯ 16 ಡಿಗ್ರಿ 23 ಕಲೆ, ಕುಜ ಧನುವಿನ 20 ಡಿಗ್ರಿ 57 ಕಲೆ. ನಡುವಿನ ಬಿಂದು ವೃಶ್ಚಿಕದ 18 ಡಿಗ್ರಿ 40 ಕಲೆ. ಡಯಾನಾ ಅವರ ಸ್ಥಿರರಾಶಿಗಳಲ್ಲಿ ಅದರ ಹತ್ತಿರ ಏನೂ ಇಲ್ಲ. ಇದ್ದುದರಲ್ಲಿ ಸಮೀಪವಾದ ಯುರೇನಸ್ ಸಿಂಹದ 23 ಡಿಗ್ರಿ ದಾಟಿದೆ. ಅವಳ ಬಿಂದುವನ್ನು ಅವನು ಮುಟ್ಟಿದ; ಅವನ ಬಿಂದುವನ್ನು ಅವಳು ಮುಟ್ಟಲಿಲ್ಲ. ಸೆಳೆತ ಒಮ್ಮುಖವಾಗಿತ್ತು ಎಂದು ಓದುವವರು ಇಲ್ಲಿ ಇನ್ನೊಂದು ಗೆರೆ ಎಳೆಯುತ್ತಾರೆ.

ಈ ಓದು ಸುಂದರವಾಗಿದೆ. ಅದಕ್ಕೇ ಇಲ್ಲಿ ನಿಂತು ಪ್ರತಿಯೊಂದು ಗೆರೆಯನ್ನೂ ತಟ್ಟಿ ನೋಡಬೇಕು.

ಯಾವ ಸ್ಪರ್ಶ ಗಟ್ಟಿ, ಯಾವುದು ಟೊಳ್ಳು

ಮೊದಲು ನೆಪ್ಚೂನ್ ತೆಗೆದುಕೊಳ್ಳೋಣ. ಅದು ರಾಶಿಚಕ್ರ ಸುತ್ತಲು ಸುಮಾರು 165 ವರ್ಷ ತೆಗೆದುಕೊಳ್ಳುತ್ತದೆ. ವರ್ಷಕ್ಕೆ ಎರಡು ಡಿಗ್ರಿಯಷ್ಟು ಮಾತ್ರ ಸರಿಯುತ್ತದೆ. ಚಾರ್ಲ್ಸ್ ಹುಟ್ಟಿದ ವಾರಗಳಲ್ಲಿ ಲಂಡನ್ನಿನಲ್ಲಿ, ಬೆಂಗಳೂರಿನಲ್ಲಿ, ಎಲ್ಲೇ ಹುಟ್ಟಿದ ಮಗುವಿಗೂ ನೆಪ್ಚೂನ್ ಹೆಚ್ಚುಕಡಿಮೆ ಅದೇ ಡಿಗ್ರಿಯಲ್ಲಿತ್ತು. ಅಂದಮೇಲೆ ಆ ನೆಪ್ಚೂನ್ ಡಯಾನಾ ಅವರ ಬಿಂದುವನ್ನು ಮುಟ್ಟುವುದು ಚಾರ್ಲ್ಸ್ ಎಂಬ ಒಬ್ಬ ವ್ಯಕ್ತಿಯ ಬಗ್ಗೆ ಏನೂ ಹೇಳುವುದಿಲ್ಲ. ಯುರೇನಸ್, ನೆಪ್ಚೂನ್, ಪ್ಲೂಟೊ ಈ ಮೂರೂ ಒಂದು ತಲೆಮಾರಿನ ಆಸ್ತಿ. ಇವು ಮಧ್ಯಬಿಂದುವಿನ ಮೇಲೆ ಬಂದಾಗ ಜೋಡಿಯ ಗುಟ್ಟು ಸಿಕ್ಕಿತು ಎಂದುಕೊಳ್ಳುವುದು ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ದಶಮ ಭಾವಮಧ್ಯದ ಕತೆ ಇದಕ್ಕೆ ತದ್ವಿರುದ್ಧ. ಅದು ಸುಮಾರು 4 ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತದೆ. ಆದ್ದರಿಂದ ಅದು ನಿಜಕ್ಕೂ ಆ ವ್ಯಕ್ತಿಯದೇ. ಅದೇ ದಿನ ಹುಟ್ಟಿದ ಇನ್ನೊಬ್ಬರಿಗೂ ಅದು ಬೇರೆಯಾಗಿರುತ್ತದೆ. ಆದರೆ ಅದೇ ಕಾರಣಕ್ಕೆ ಗಡಿಯಾರದ ತಪ್ಪನ್ನು ಅದು ಕ್ಷಮಿಸುವುದಿಲ್ಲ. ಚಾರ್ಲ್ಸ್ 9:14ರ ಬದಲು 9:19ಕ್ಕೆ ಹುಟ್ಟಿದ್ದರೆ ಆ ಬಿಂದು ಮೇಷದ 14 ಡಿಗ್ರಿ 39 ಕಲೆಯ ಹತ್ತಿರ ಹೋಗಿ ಒಂದೂವರೆ ಡಿಗ್ರಿಯ ಮಿತಿಯನ್ನೂ ದಾಟಿಬಿಡುತ್ತಿತ್ತು. ಐದು ನಿಮಿಷದಲ್ಲಿ ಇಡೀ ಓದು ಕುಸಿಯುತ್ತದೆ. ರಾಜಮನೆತನದಲ್ಲಿ ಸಮಯವನ್ನು ನಿಮಿಷ ಸಹಿತ ಪ್ರಕಟಿಸುತ್ತಾರೆ. ‘ರಾತ್ರಿ ಊಟದ ಹೊತ್ತಿಗೆ ಹುಟ್ಟಿದ್ದು’ ಎಂದು ಅಜ್ಜಿ ನೆನಪಿನಿಂದ ಹೇಳಿದ ಸಮಯಕ್ಕೆ ಈ ಲೆಕ್ಕ ಮಾಡಬಾರದು.

ಶುಕ್ರ–ಕುಜರ ಮಧ್ಯಬಿಂದು ಈ ವಿಷಯದಲ್ಲಿ ನೆಮ್ಮದಿ ಕೊಡುತ್ತದೆ. ಆ ಜುಲೈ ದಿನಗಳಲ್ಲಿ ಶುಕ್ರ ದಿನಕ್ಕೆ ಸುಮಾರು ಒಂದು ಡಿಗ್ರಿ, ಕುಜ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಸಾಗುತ್ತಿದ್ದರು. ಡಯಾನಾ ಅವರ ಜನನ ಸಮಯ ಐದು ಗಂಟೆ ತಪ್ಪಿದ್ದರೂ ಬಿಂದು ಸರಿಯುವುದು 10 ಕಲೆಯಷ್ಟು ಮಾತ್ರ. ಸಮಯ ಗೊತ್ತಿಲ್ಲದವರೂ ಈ ಒಂದು ಬಿಂದುವನ್ನು ಸಾಕಷ್ಟು ಸರಿಯಾಗಿ ತೆಗೆಯಬಹುದು. ಚಂದ್ರನಿರುವ ಮಧ್ಯಬಿಂದುಗಳನ್ನು ಹಾಗೆ ತೆಗೆಯಲಾಗದು. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಓಡುತ್ತಾನೆ.

ಮಿತಿ ಸಡಿಲಿಸುವ ಆಸೆಗೂ ಇದೇ ಜೋಡಿಯಲ್ಲಿ ಉದಾಹರಣೆ ಇದೆ. ದಾಂಪತ್ಯಕ್ಕೆ ಮುಖ್ಯವೆಂದು ಹೇಳುವ ಬಿಂದು ರವಿ–ಚಂದ್ರರ ಮಧ್ಯ. ಡಯಾನಾ ಅವರದು ವೃಷಭದ 2 ಡಿಗ್ರಿ 20 ಕಲೆ. ಚಾರ್ಲ್ಸ್ ಅವರ ಚಂದ್ರ ವೃಷಭದ 0 ಡಿಗ್ರಿ 26 ಕಲೆ. ಅಂತರ 1 ಡಿಗ್ರಿ 54 ಕಲೆ. ಒಂದೂವರೆಯ ನಿಯಮದಲ್ಲಿ ಇದು ಹೊರಗೆ. ‘ಎರಡು ಡಿಗ್ರಿ ಇಟ್ಟುಕೊಂಡರಾಯಿತು’ ಎಂದು ಕೈ ತಾನಾಗಿಯೇ ಚಾಚುತ್ತದೆ, ಏಕೆಂದರೆ ಇವರು ಮದುವೆಯಾದರು ಎಂದು ನಮಗೆ ಮೊದಲೇ ಗೊತ್ತು. ಉತ್ತರ ಗೊತ್ತಿರುವಾಗ ಅಳತೆಗೋಲನ್ನು ಹಿಗ್ಗಿಸುವವನಿಗೆ ಎಲ್ಲ ಜಾತಕವೂ ಸಾಕ್ಷಿ ಹೇಳುತ್ತದೆ.

ಅಪರಿಚಿತರಲ್ಲೂ ಸಿಗುತ್ತದೆ

ಇನ್ನು ಆಕಸ್ಮಿಕದ ಲೆಕ್ಕ. ಒಬ್ಬರ ಜಾತಕದಲ್ಲಿ ರವಿಯಿಂದ ಪ್ಲೂಟೊವರೆಗೆ ಹತ್ತು ಗ್ರಹ, ಲಗ್ನ, ದಶಮ ಭಾವಮಧ್ಯ ಸೇರಿ 12 ಬಿಂದುಗಳಿವೆ ಎನ್ನೋಣ. 90 ಡಿಗ್ರಿಯ ಮಡಿಕೆಯಲ್ಲಿ ಆಚೆ ಒಂದು, ಈಚೆ ಒಂದು ಡಿಗ್ರಿ ಬಿಟ್ಟರೆ ಗುರಿಯ ಅಗಲ 2 ಡಿಗ್ರಿ. ಒಂದು ಬಿಂದು ಅಲ್ಲಿ ಬೀಳುವ ಸಾಧ್ಯತೆ 45ರಲ್ಲಿ ಒಂದು. 12 ಬಿಂದುಗಳಲ್ಲಿ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ 24ರಷ್ಟು. ಅವನಿಂದ ಅವಳಿಗೆ, ಅವಳಿಂದ ಅವನಿಗೆ ಎರಡೂ ಕಡೆ ನೋಡಿದರೆ ನೂರಕ್ಕೆ ಸುಮಾರು 40. ಅಂದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರನ್ನು ಜೋಡಿ ಮಾಡಿದರೂ ಐದರಲ್ಲಿ ಎರಡು ಜೋಡಿಗೆ ಶುಕ್ರ–ಕುಜರ ಸ್ಪರ್ಶ ಸಿಗುತ್ತದೆ. ಕೆಲವರು 45 ಡಿಗ್ರಿಯ ಕೋನವನ್ನೂ ಸೇರಿಸುತ್ತಾರೆ. ಆಗ ಮೂರರಲ್ಲಿ ಎರಡು ಜೋಡಿಗೆ ಸಿಗುತ್ತದೆ.

ಇದು ಒಂದೇ ಮಧ್ಯಬಿಂದುವಿನ ಮಾತು. 12 ಬಿಂದುಗಳಿಂದ ಒಬ್ಬರಿಗೆ ಒಟ್ಟು 66 ಮಧ್ಯಬಿಂದುಗಳು ಹುಟ್ಟುತ್ತವೆ. ಎಲ್ಲವನ್ನೂ ನೋಡಿದರೆ ಯಾವುದೇ ಇಬ್ಬರ ನಡುವೆ, ಎರಡೂ ದಿಕ್ಕು ಸೇರಿ, ಆಕಸ್ಮಿಕವಾಗಿಯೇ ಸರಾಸರಿ 35 ಸ್ಪರ್ಶಗಳು ಸಿಗುತ್ತವೆ. ಸಾಫ್ಟ್‌ವೇರ್ ಕೊಡುವ ಉದ್ದನೆಯ ಪಟ್ಟಿ ನೋಡಿ ಬೆರಗಾಗುವವರು ಈ ಸಂಖ್ಯೆಯನ್ನು ನೆನಪಿಡಬೇಕು. ಪಟ್ಟಿ ಉದ್ದವಾದಷ್ಟೂ ಅದರಲ್ಲಿ ನಮಗೆ ಬೇಕಾದ ಕಥೆ ಸಿಗುವುದು ಸುಲಭ.

ಮನೋವಿಜ್ಞಾನಿ ಕಾರ್ಲ್ ಯೂಂಗ್ ಇದೇ ಬಗೆಯ ಬಲೆಯ ಬಗ್ಗೆ ಒಂದು ಪಾಠ ಬಿಟ್ಟುಹೋಗಿದ್ದಾರೆ. ಅವರು 483 ವಿವಾಹಿತ ಜೋಡಿಗಳ ಜಾತಕಗಳನ್ನು ಹೋಲಿಸಿ 1952ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಮಧ್ಯಬಿಂದುವಲ್ಲ, ರವಿ–ಚಂದ್ರರ ಯುತಿಯಂಥ ನೇರ ಸಂಬಂಧಗಳನ್ನು. ಮೊದಲ ಕಂತಿನ 180 ಜೋಡಿಗಳಲ್ಲಿ ಹಳೆಯ ಗ್ರಂಥಗಳು ಹೇಳಿದ ಸಂಬಂಧ ಎದ್ದು ಕಂಡಿತ್ತು. ಜಾತಕಗಳು ಹೆಚ್ಚಿದಂತೆ ಅದು ಆಕಸ್ಮಿಕದ ಮಟ್ಟಕ್ಕೆ ಇಳಿಯಿತು. ಮಧ್ಯಬಿಂದುಗಳೂ ದಾಂಪತ್ಯವನ್ನು ಮುಂಚಿತವಾಗಿ ಹೇಳುತ್ತವೆ ಎಂದು ವಿಜ್ಞಾನದ ಪರೀಕ್ಷೆಯಲ್ಲಿ ರುಜುವಾತಾಗಿಲ್ಲ. ಚಾರ್ಲ್ಸ್–ಡಯಾನಾ ಉದಾಹರಣೆಯೂ ರುಜುವಾತಲ್ಲ. ಕಥೆ ಮುಗಿದ ಮೇಲೆ ಮಾಡಿದ ಓದು ಅದು.

ನಿಮ್ಮ ಜಾತಕದಲ್ಲಿ ನೋಡುವುದಾದರೆ

ನಮ್ಮ ಜಾತಕಗಳಲ್ಲಿ ಗ್ರಹಸ್ಫುಟ ನಿರಯನದಲ್ಲಿರುತ್ತದೆ. ಅದರಿಂದ ಈ ಲೆಕ್ಕಕ್ಕೆ ಅಡ್ಡಿಯಿಲ್ಲ. ಒಬ್ಬರ ಎಲ್ಲ ಗ್ರಹಗಳಿಂದಲೂ ಒಂದೇ ಅಯನಾಂಶ ಕಳೆದಿರುವುದರಿಂದ ಮಧ್ಯಬಿಂದುವೂ ಅಷ್ಟೇ ಸರಿಯುತ್ತದೆ, ನಡುವಿನ ಅಂತರ ಬದಲಾಗುವುದಿಲ್ಲ. ಇಬ್ಬರ ವಯಸ್ಸಿನ ಅಂತರ ದೊಡ್ಡದಿದ್ದಾಗ ಮಾತ್ರ ಸ್ವಲ್ಪ ವ್ಯತ್ಯಾಸ ಬರುತ್ತದೆ. ಅಯನಾಂಶ ವರ್ಷಕ್ಕೆ ಸುಮಾರು 50 ವಿಕಲೆ, ಅಂದರೆ ಒಂದು ಕಲೆಗೂ ಕಡಿಮೆ ಬೆಳೆಯುತ್ತದೆ. ಚಾರ್ಲ್ಸ್ ಮತ್ತು ಡಯಾನಾರ ನಡುವಿನ ಹನ್ನೆರಡೂವರೆ ವರ್ಷಕ್ಕೆ ಅದು ಸುಮಾರು 10 ಕಲೆ. ಸಾಯನದಲ್ಲಿ 17 ಕಲೆ ಇದ್ದ ಅಂತರ ನಿರಯನದಲ್ಲಿ 27ರಷ್ಟಾಗುತ್ತದೆ, ಸ್ಪರ್ಶ ಉಳಿಯುತ್ತದೆ.

ಸ್ಫುಟದ ಪುಟ ತೆರೆಯಿರಿ, ಶುಕ್ರ ಕುಜರನ್ನು ಕೂಡಿಸಿ ಅರ್ಧ ಮಾಡಿ, ಸಂಗಾತಿಯ ಅದೇ ವರ್ಗದ ರಾಶಿಗಳಲ್ಲಿ ಆ ಡಿಗ್ರಿ ಹುಡುಕಿ. ಮಿತಿಯನ್ನು 1 ಡಿಗ್ರಿ ಎಂದು ಮೊದಲೇ ಕಾಗದದ ಮೇಲೆ ಬರೆದಿಡಿ, ಆಮೇಲೆ ಬದಲಿಸಬೇಡಿ. ರವಿ, ಚಂದ್ರ, ಬುಧ, ಶುಕ್ರ, ಕುಜ ಮತ್ತು ಸಮಯ ಖಚಿತವಿದ್ದರೆ ಲಗ್ನ, ದಶಮ ಭಾವಮಧ್ಯ ಇಷ್ಟನ್ನೇ ಎಣಿಸಿ. ಸ್ಪರ್ಶ ಸಿಕ್ಕಿತೇ? ಹಾಗಾದರೆ ಅದೇ ಮಧ್ಯಬಿಂದುವನ್ನು ಅಣ್ಣನ, ಚಿಕ್ಕಮ್ಮನ, ಕಚೇರಿಯ ಸಹೋದ್ಯೋಗಿಯ, ಹೀಗೆ ಹತ್ತು ಜನರ ಜಾತಕದ ಮೇಲೆ ಇಟ್ಟು ನೋಡಿ. ಅವರಲ್ಲೂ ಒಂದಿಬ್ಬರಿಗೆ ಸಿಕ್ಕರೆ ನಿಮಗೆ ಸಿಕ್ಕ ಸ್ಪರ್ಶದ ತೂಕ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಧ್ಯಬಿಂದು ಇಬ್ಬರು ಕೂತು ಮಾತಾಡಲು ಒಂದು ನೆಪ ಕೊಡುತ್ತದೆ: ನನ್ನಲ್ಲಿ ನಿನಗೆ ಹಿಡಿಸಿದ್ದು ನಾನೋ, ನನ್ನ ಸ್ಥಾನವೋ? ಆ ಪ್ರಶ್ನೆ ಕೇಳಲು ಅದನ್ನು ಬಳಸಿ. ಒಪ್ಪಿದ ಸಂಬಂಧವನ್ನು ಮುರಿಯಲು, ಮನಸ್ಸು ಒಪ್ಪದ ಸಂಬಂಧವನ್ನು ಹೊಂದಿಸಲು, 17 ಕಲೆಯ ಅಂತರವನ್ನು ಎಂದೂ ಸಾಕ್ಷಿಗೆ ಕರೆಯಬೇಡಿ.